ಗಂಟಲಿಗೆ ಕೆಂಪು ನೀರು

ಸುಶೀಲಾಳಿಗೆ ಸಿಟ್ಟು ಬರುವುದೇ ಇಲ್ಲ ಎಂದು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅವಳನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ನೀರಿನ ಸರದಿಗೆ ಜಗಳವಾದರೆ ಅವಳೇ ತನ್ನ ಬಕೆಟ್ಟನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಗಂಡ ಮುರಳೀಧರ ಯಾವುದೋ ಸಚಿವಾಲಯದಲ್ಲಿ ಗುಮಾಸ್ತ. ಮದುವೆಯಾಗಿ ದಾವಣಗೆರೆಯಿಂದ ದೆಹಲಿಗೆ ಬಂದಾಗ ಸುಶೀಲಾಳಿಗೆ ಹಿಂದಿಯಲ್ಲಿ ನಾಲ್ಕು ಮಾತೂ ಬರುತ್ತಿರಲಿಲ್ಲ. ಬಿ.ಎ. ಮಾಡಿದ್ದರೂ ಇಪ್ಪತ್ತು ವರ್ಷ ಅಡುಗೆ, ಮಗಳ ಶಾಲೆ, ಊರಿಂದ ಬರುವ ನೆಂಟರು ಎಂದುಕೊಂಡೇ ಕಳೆದುಹೋಯಿತು.

ಮೊಬೈಲ್ ಫೋನು ಎಲ್ಲರ ಕೈಗೂ ಬಂದ ಕಾಲವದು. ಓಖ್ಲಾದ ಒಂದು ಹಳೆಯ ಗಾರ್ಮೆಂಟ್ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಮೊಬೈಲ್ ಕಂಪನಿಯ ಕಾಲ್ ಸೆಂಟರ್ ತೆರೆದಿತ್ತು. ಕರ್ನಾಟಕದ ಗಿರಾಕಿಗಳಿಗೆ ಕನ್ನಡದಲ್ಲಿ ಉತ್ತರ ಕೊಡುವವರು ಅಲ್ಲಿಗೆ ಬೇಕಾಗಿದ್ದರು. ಸುದ್ದಿ ತಂದವಳು ಸಿಂಚನಾ. ಮೈಸೂರಿನ ಹುಡುಗಿ, ಅವಳ ಗಂಡ ಇಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಸುಶೀಲಾಳ ಪಕ್ಕದ ಎಲೆಗೆ ಕೂತಿದ್ದವಳು, "ಅಕ್ಕಾ, ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ. ನಮ್ಮ ಆಫೀಸಿಗೆ ಬನ್ನಿ," ಎಂದಳು. ಸುಶೀಲಾ ಮೊದಲು ನಕ್ಕಳು. ಮರುದಿನ ಹೋಗಿ ಸಂದರ್ಶನ ಕೊಟ್ಟು ಬಂದಳು. ನಲವತ್ತಮೂರನೆಯ ವಯಸ್ಸಿನಲ್ಲಿ ಕೊರಳಿಗೆ ಐಡಿ ಕಾರ್ಡ್ ಬಂತು.

ಆ ಕೊರಳಲ್ಲಿ ಇನ್ನೊಂದು ವಿಷಯವೂ ಇತ್ತು. ಮಗಳು ತನುಶ್ರೀ ಹುಟ್ಟಿದ ಮೇಲೆ ಸುಶೀಲಾಳ ಕತ್ತಿನ ಬುಡದಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣಿಸಿಕೊಂಡಿದ್ದವು. ಥೈರಾಯ್ಡ್ ಗ್ರಂಥಿ ಊದಿಕೊಂಡಿದೆ, ಹಾರ್ಮೋನ್ ಸರಿಯಾಗಿಯೇ ಇದೆ, ಮಾತ್ರೆ ಬೇಡ, ವರ್ಷಕ್ಕೊಮ್ಮೆ ರಕ್ತ ನೋಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ನೋವಿಲ್ಲದ ಗಂಟು, ನುಂಗುವಾಗ ಮೇಲೆ ಕೆಳಗೆ ಸರಿಯುತ್ತಿತ್ತು, ಅಷ್ಟೇ. ಅವಳು ಸೀರೆಯ ಸೆರಗನ್ನು ಸ್ವಲ್ಪ ಮೇಲಕ್ಕೆಳೆದುಕೊಂಡು ಅದನ್ನು ಮರೆತೇಬಿಟ್ಟಿದ್ದಳು.

ಕೆಲಸ ಅವಳಿಗೆ ಹಿಡಿಸಿತು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಗದಗ, ಶಿರಸಿ, ಕೋಲಾರ, ಬೀದರ್ ಒಂದಾದ ಮೇಲೊಂದು ಬಂದು ಮಾತಾಡುತ್ತಿದ್ದವು. ಹೆಚ್ಚಿನವರು ಬೈಯಲೆಂದೇ ಕರೆ ಮಾಡುತ್ತಿದ್ದರು. ಕೇಳದೆಯೇ ಕಾಲರ್ ಟ್ಯೂನ್ ಹಾಡು ಹಾಕಿ ದುಡ್ಡು ಕತ್ತರಿಸಿದ್ದಾರೆ, ಬ್ಯಾಲೆನ್ಸ್ ಮಾಯವಾಗಿದೆ, ಟವರ್ ಸಿಗುತ್ತಿಲ್ಲ.

"ನಿಮಗೆ ಆಗಿರೋ ತೊಂದರೆಗೆ ಕ್ಷಮೆ ಕೇಳ್ತೀನಿ ಸರ್," ಎಂದು ದಿನಕ್ಕೆ ನೂರು ಸಲ ಹೇಳಬೇಕಾಗಿತ್ತು. ಹೇಳುತ್ತಿದ್ದಳು. ತನ್ನದಲ್ಲದ ತಪ್ಪಿಗೆ ಕ್ಷಮೆ ಕೇಳುವುದು ಅವಳಿಗೆ ಹೊಸದೇನಲ್ಲ.

ಆ ಚಳಿಗಾಲದಲ್ಲಿ ಆಫೀಸಿಗೆ ಆಫೀಸೇ ಗಂಟಲು ಹಿಡಿದುಕೊಂಡು ಕೂತಿತು. ಹೊರಗೆ ಹೊಗೆ ಬೆರೆತ ಮಂಜು, ಒಳಗೆ ಕಂಪ್ಯೂಟರಿಗಾಗಿ ಹಾಕಿದ ಏಸಿ, ಮೇಲೆ ಎಂಟು ತಾಸು ಬಿಡದೆ ಮಾತು. ಒಬ್ಬರ ದನಿ ಒಡೆದರೆ ಇನ್ನೊಬ್ಬರ ದನಿಯೇ ಏಳುತ್ತಿರಲಿಲ್ಲ. ಆಗ ಫ್ಲೋರ್ ಮ್ಯಾನೇಜರ್ ರಜತ್ ಸಕ್ಸೇನಾ ಒಂದು ಉಪಾಯ ಹೂಡಿದ. ಮೂವತ್ತು ದಾಟದ ಹುಡುಗ, ಇಸ್ತ್ರಿ ಮುರಿಯದ ಅಂಗಿ, ಎಲ್ಲರನ್ನೂ 'ಗೈಸ್' ಎಂದು ಕರೆಯುವ ರೂಢಿ. ಸಗಟು ಅಂಗಡಿಯಿಂದ ಕೆಂಪು-ಕಂದು ಬಣ್ಣದ ಗಾರ್ಗಲ್ ಔಷಧ ತರಿಸಿದ. ಅದನ್ನು ನೀರು ಬೆರೆಸಿ, ನಲ್ಲಿಯಿರುವ ದೊಡ್ಡ ಪ್ಲಾಸ್ಟಿಕ್ ಜಾರಿಗೆ ಸುರಿಸಿ, ಪ್ಯಾಂಟ್ರಿಯ ಸಿಂಕಿನ ಪಕ್ಕ ಇಡಿಸಿದ. ಖಾಲಿ ಬಾಟಲಿಗಳು, ಡಬ್ಬಿಗಳು, ಒಳಗಿನ ಚೀಟಿಗಳು ಎಲ್ಲ ಕಸದ ಬುಟ್ಟಿ ಸೇರಿದವು. ಜಾರಿನ ಮೇಲೆ 'ವಾಯ್ಸ್ ಕೇರ್' ಎಂಬ ಸ್ಟಿಕ್ಕರ್ ಮಾತ್ರ ಇತ್ತು.

ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವ ಮದ್ದಿನದೇ ವಾಸನೆ. ಬಾಯಿಗೆ ಹಾಕಿ ತಲೆ ಎತ್ತಿ ಗುಳುಗುಳು ಮಾಡಿ ಉಗುಳಿದರೆ ಗಂಟಲು ಹಿತವಾಗುತ್ತಿತ್ತು. ಒಂದು ವಾರದಲ್ಲಿ ಸುಶೀಲಾಳ ಗಂಟಲು ಹದಕ್ಕೆ ಬಂತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬಿಡಲು ರಜತ್ ಬಿಡಲಿಲ್ಲ. ಗಂಟಲು ನೋಯಲಿ, ನೋಯದಿರಲಿ, ಶಿಫ್ಟ್ ಶುರುವಾಗುವ ಮುಂಚೆ ಒಂದು ಸಲ, ಪ್ರತಿ ಬಿಡುವಿನಲ್ಲಿ ಒಂದೊಂದು ಸಲ ಎಲ್ಲರೂ ಗಾರ್ಗಲ್ ಮಾಡಬೇಕು ಎಂದ. ದನಿ ಕರಕರ ಎಂದವರಿಗೂ ಗಾರ್ಗಲ್ ತಪ್ಪಿಸಿದವರಿಗೂ ಕೆಲಸಕ್ಕೆ ಕೊಡುವ ಅಂಕ ಕಡಿಮೆಯಾಗುತ್ತಿತ್ತು. "ಪ್ರಿವೆನ್ಷನ್, ಗೈಸ್, ಪ್ರಿವೆನ್ಷನ್!" ಎಂದು ಕೈ ತಟ್ಟುತ್ತಾ ಸಾಲುಗಳ ನಡುವೆ ಓಡಾಡುತ್ತಿದ್ದ. ಚಳಿಗಾಲ ಮುಗಿಯಿತು, ಹೋಳಿ ಬಂದುಹೋಯಿತು, ಬೇಸಿಗೆಯ ಧೂಳು ಎದ್ದಿತು. ಜಾರು ಖಾಲಿಯಾದಂತೆಲ್ಲ ತುಂಬುತ್ತಲೇ ಇತ್ತು.

ಏಪ್ರಿಲ್ ಹೊತ್ತಿಗೆ ಸುಶೀಲಾಳ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ಕೂತಲ್ಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೊಟ್ಟೆ ತುಂಬ ಉಂಡರೂ ರವಿಕೆಗಳು ಸಡಿಲಾದವು. ಎಲ್ಲರೂ ಫ್ಯಾನಿನ ಕೆಳಗೆ ಹಾಯಾಗಿದ್ದರೆ ಇವಳೊಬ್ಬಳೇ ಬೆವರುತ್ತಿದ್ದಳು. ಟೀ ಲೋಟ ಹಿಡಿದರೆ ಬೆರಳು ನಡುಗುತ್ತಿತ್ತು.

ಜೊತೆಗೆ ಸಿಟ್ಟು. ಎಲ್ಲಿತ್ತೋ ಅಷ್ಟು ಸಿಟ್ಟು! ತರಕಾರಿ ಭಯ್ಯಾ ಬಾಡಿದ ಪಾಲಕ್ ಕೊಟ್ಟನೆಂದು ಬೀದಿಯಲ್ಲಿ ನಿಂತು ಕೂಗಾಡಿದಳು. ಒಂದು ಸಂಜೆ ಮುರಳೀಧರ ಸಾರಿಗೆ ಉಪ್ಪು ಕಡಿಮೆ ಎಂದದ್ದಕ್ಕೆ ಸೌಟನ್ನು ಎತ್ತಿ ಸಿಂಕಿಗೆ ಬೀಸಿದಳು. ಅದು ಗೋಡೆಗೆ ಹೊಡೆದು ಠಣ್ಣೆಂದಿತು.

"ಅಮ್ಮಾ, ಕ್ಯಾ ಹೋ ಗಯಾ? ನೀನು ಹೀಗೆ ಇರಲಿಲ್ಲ," ಎಂದು ತನುಶ್ರೀ ಪುಸ್ತಕ ಮುಚ್ಚಿ ಎದ್ದು ನಿಂತಳು.

"ಉಪ್ಪು ಬೇಕಾದ್ರೆ ಹಾಕ್ಕೊಳ್ಳಕ್ಕೆ ಕೈ ಇಲ್ವಾ ನಿಮ್ಮಪ್ಪಂಗೆ?"

ಮುರಳೀಧರ ತಟ್ಟೆ ನೋಡುತ್ತಾ ಮೆಲ್ಲಗೆ, "ಸುಶೀ, ಈ ವಯಸ್ಸಲ್ಲಿ ಹೆಂಗಸರಿಗೆ ಹೀಗೆಲ್ಲ ಆಗತ್ತಂತೆ. ಕೆಲಸ ಬಿಟ್ಟು ಸ್ವಲ್ಪ ಮನೇಲಿರು," ಎಂದ.

ಆ ಮೆಲುದನಿಯೇ ಅವಳನ್ನು ಇನ್ನಷ್ಟು ಕೆರಳಿಸಿತು. ಡಿಸ್ಪೆನ್ಸರಿಯ ಡಾಕ್ಟರಿಗೆ ತೋರಿಸಿದರೆ ಅವರೂ ಅದೇ ರಾಗ ಎಳೆದರು. ಮುಟ್ಟು ನಿಲ್ಲುವ ಕಾಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಈ ವಿಟಮಿನ್ ತಗೊಳ್ಳಿ. ಕತ್ತಿನ ಗಂಟಿನ ವಿಷಯ ಅವಳು ಹೇಳಿದಳು. ಅವರು ತಲೆಯೆತ್ತಿ ಕೂಡ ನೋಡಲಿಲ್ಲ. ಎರಡನೆಯ ಸಲ ಹೋದಾಗ ಅವಳು ಕುರ್ಚಿಯಿಂದ ಏಳಲೇ ಇಲ್ಲ.

"ರಕ್ತ ಪರೀಕ್ಷೆ ಬರೆದುಕೊಡೋತನಕ ನಾನು ಏಳಲ್ಲ," ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದಳು. ಹೊರಗಿನ ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಡಾಕ್ಟರು ಬರೆದುಕೊಟ್ಟರು.

ವರದಿ ಬಂದಾಗ ಅವರ ಮುಖದ ಬಣ್ಣವೇ ಬದಲಾಯಿತು. ಥೈರಾಯ್ಡ್ ಹಾರ್ಮೋನ್ ಮಿತಿಮೀರಿ ಏರಿತ್ತು. ಅದನ್ನು ಹಿಡಿತದಲ್ಲಿಡುವ ಟಿಎಸ್‌ಎಚ್ ಎಂಬುದು ಇಲ್ಲವೆನ್ನುವಷ್ಟು ಇಳಿದಿತ್ತು. ತಕ್ಷಣ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಆ ಆಸ್ಪತ್ರೆಯ ತಜ್ಞೆ ಡಾ. ಭಾರ್ಗವ ಅವಸರದ ಹೆಂಗಸಾಗಿರಲಿಲ್ಲ. ಕತ್ತನ್ನು ಹಿಂದಿನಿಂದ ಎರಡೂ ಕೈಯಲ್ಲಿ ಮುಟ್ಟಿ ನೋಡಿದರು, ನೀರು ನುಂಗಿಸಿದರು, ಚಾಚಿದ ಬೆರಳುಗಳ ಮೇಲೆ ಕಾಗದವಿಟ್ಟು ಅದು ನಡುಗುವುದನ್ನು ನೋಡಿದರು.

"ಇಷ್ಟು ವರ್ಷ ಸುಮ್ಮನಿದ್ದ ಗಂಟು ಈಗ್ಯಾಕೆ ಎದ್ದಿತು? ಬಣ್ಣದ ಮದ್ದು ಕೊಟ್ಟು ಸ್ಕ್ಯಾನ್ ಏನಾದ್ರೂ ಮಾಡಿಸಿದ್ರಾ? ಟಾನಿಕ್, ಕೆಮ್ಮಿನ ಸಿರಪ್?"

"ಏನೂ ಇಲ್ಲ. ಯಾವ ಔಷಧಾನೂ ತಗೊಳ್ಳಲ್ಲ."

"ಬಾಯಿ ತೆಗೀರಿ." ಟಾರ್ಚ್ ಬಿಟ್ಟು ನೋಡಿದ ಡಾಕ್ಟರು, "ಗಂಟಲು ಚೆನ್ನಾಗಿಯೇ ಇದೆ. ಇಡೀ ದಿನ ಮಾತಾಡೋ ಕೆಲಸ ಅಂದ್ರಿ, ದನಿ ಹೇಗೆ ಕಾಪಾಡ್ಕೋತೀರಿ?" ಎಂದು ಕೇಳಿದರು.

"ಆಫೀಸಲ್ಲಿ ಗಾರ್ಗಲ್ ಮಾಡಿಸ್ತಾರೆ."

"ಉಪ್ಪುನೀರು?"

"ಅಲ್ಲ, ಕೆಂಪಗಿರತ್ತೆ. ಗಾಯಕ್ಕೆ ಹಚ್ಚೋ ಔಷಧದ ವಾಸನೆ."

ಡಾ. ಭಾರ್ಗವ ಪೆನ್ನು ಕೆಳಗಿಟ್ಟರು. ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳಿಂದ ಎಂದು ಕೇಳಿದರು. ಸುಶೀಲಾ ಹೇಳಿದಳು.

"ಅದು ಪೊವಿಡೋನ್ ಅಯೊಡಿನ್. ಅದರಲ್ಲಿರೋದು ಅಯೊಡಿನ್ನೇ. ಉಗುಳಿದ್ರೂ ಬಾಯಿಯ ಒಳಚರ್ಮದಿಂದ ಸ್ವಲ್ಪ ರಕ್ತಕ್ಕೆ ಸೇರತ್ತೆ, ಒಂದಿಷ್ಟು ಗೊತ್ತಿಲ್ಲದೆ ಹೊಟ್ಟೆಗೂ ಹೋಗತ್ತೆ. ಥೈರಾಯ್ಡ್ ಹಾರ್ಮೋನ್ ತಯಾರಾಗೋದು ಅಯೊಡಿನ್ನಿಂದ. ದಿನಕ್ಕೆ ಬೇಕಾಗಿರೋದು ಧೂಳಿನ ಕಣದಷ್ಟು. ಆರೋಗ್ಯವಾಗಿರೋ ಗ್ರಂಥಿ ಹೆಚ್ಚು ಬಂದಾಗ ತನ್ನನ್ನು ತಾನೇ ತಡ್ಕೊಳ್ಳತ್ತೆ. ನಿಮ್ಮ ಗಂಟುಗಳಿಗೆ ಆ ತಡೆ ಇಲ್ಲ. ಸಿಕ್ಕಿದ್ದನ್ನೆಲ್ಲ ಹಾರ್ಮೋನ್ ಮಾಡಿ ರಕ್ತಕ್ಕೆ ಸುರೀತಿವೆ. ಕೆಲವರಲ್ಲಿ ಇದರ ತದ್ವಿರುದ್ಧ ಆಗಿ ಗ್ರಂಥಿ ಕೆಲಸಾನೇ ನಿಲ್ಲಿಸಿಬಿಡತ್ತೆ."

"ಅಂದ್ರೆ ಅದು ಕೆಟ್ಟ ಔಷಧವಾ ಡಾಕ್ಟ್ರೇ?"

"ಅಲ್ಲವೇ ಅಲ್ಲ. ಗಂಟಲು ನೋವಿಗೆ ಕೆಲವು ದಿನಕ್ಕೆ ಒಳ್ಳೆಯದೇ. ಆದರೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ಹಾಕಬಾರದು, ನುಂಗಬಾರದು. ಥೈರಾಯ್ಡ್ ತೊಂದರೆ ಇರೋರು, ಅಯೊಡಿನ್ ಅಲರ್ಜಿ ಇರೋರು, ಚಿಕ್ಕ ಮಕ್ಕಳು ಇದರಿಂದ ದೂರ ಇರಬೇಕು. ಮನಸ್ಸಿನ ಕಾಯಿಲೆಗೆ ಲಿಥಿಯಂ ತಗೊಳ್ಳೋರೂ ಅಷ್ಟೇ. ಬಸುರಿಯರು, ಹಾಲೂಡಿಸೋರು ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು. ಅಯೊಡಿನ್ ಮಗುವಿಗೂ ದಾಟತ್ತೆ, ಅದರ ಥೈರಾಯ್ಡ್ ಕೆಡಬಹುದು."

ಸುಶೀಲಾ ಥಟ್ಟನೆ ತಲೆಯೆತ್ತಿದಳು. ಸಿಂಚನಾ! ಸಿಂಚನಾಳಿಗೆ ಆಗ ನಾಲ್ಕು ತಿಂಗಳು. ನಿನ್ನೆ ಕೂಡ ಇಬ್ಬರೂ ಒಟ್ಟಿಗೆ ಸಿಂಕಿನ ಮುಂದೆ ನಿಂತು, ಒಬ್ಬರ ಗುಳುಗುಳು ಸದ್ದಿಗೆ ಇನ್ನೊಬ್ಬರು ನಕ್ಕಿದ್ದರು.

ಡಾಕ್ಟರು ಇನ್ನೂ ಹೇಳುತ್ತಿದ್ದರು. ಗಾರ್ಗಲ್ ಇವತ್ತೇ ನಿಲ್ಲಬೇಕು. ಎದೆಬಡಿತ ತಗ್ಗಿಸಲು ಒಂದು ಮಾತ್ರೆ, ಹಾರ್ಮೋನ್ ತಡೆಯಲು ಇನ್ನೊಂದು. ಗ್ರಂಥಿಯ ತುಂಬ ಅಯೊಡಿನ್ ಇರುವಾಗ ಥೈರಾಯ್ಡ್ ಸ್ಕ್ಯಾನ್ ಮಾಡಿದರೆ ಸರಿಯಾಗಿ ಕಾಣದು, ಅದಕ್ಕೆ ಕೆಲವು ವಾರ ಕಾಯಬೇಕು. "ಸಿಟ್ಟು, ಕಿರಿಕಿರಿ ಎಲ್ಲ ಇದರದ್ದೇ. ಇಳಿಯತ್ತೆ," ಎಂದರು.

ಸುಶೀಲಾ ಮನೆಗೆ ಹೋಗಲಿಲ್ಲ. ಆಸ್ಪತ್ರೆಯೆದುರಿನ ಅಂಗಡಿಯಲ್ಲಿ ಮಾತ್ರೆಗಳ ಜೊತೆ ಆ ಗಾರ್ಗಲ್ಲಿನದೊಂದು ಬಾಟಲಿಯನ್ನೂ ಕೊಂಡಳು. ಆಟೋದಲ್ಲಿ ಕೂತು ಡಬ್ಬಿ ಬಿಚ್ಚಿ ಒಳಗಿನ ಚೀಟಿ ತೆಗೆದಳು. ಸಣ್ಣ ಅಕ್ಷರ, ಆದರೂ ಓದಲು ಬರುತ್ತಿತ್ತು. ಡಾಕ್ಟರು ಹೇಳಿದ್ದೆಲ್ಲ ಅಲ್ಲಿತ್ತು: ಥೈರಾಯ್ಡ್, ಬಸುರಿ, ಹದಿನಾಲ್ಕು ದಿನ. ಇಷ್ಟು ತಿಂಗಳು ಈ ಮಾತು ಪ್ಯಾಂಟ್ರಿಯ ಕಸದ ಬುಟ್ಟಿಯಲ್ಲಿತ್ತು! ಎದೆ ಹೊಡೆದುಕೊಳ್ಳುತ್ತಿತ್ತು. ಈ ಬಡಿತ ಕಾಯಿಲೆಯದೋ ಕೋಪದ್ದೋ ಎಂದು ವಿಚಾರ ಮಾಡುವಷ್ಟು ವ್ಯವಧಾನ ಅವಳಿಗಿರಲಿಲ್ಲ. "ಭಯ್ಯಾ, ಜಲ್ದಿ," ಎಂದಳು.

ಮಧ್ಯಾಹ್ನದ ಬಿಡುವು. ಪ್ಯಾಂಟ್ರಿಯಲ್ಲಿ ಸಿಂಚನಾ ಲೋಟ ಹಿಡಿದು ಜಾರಿನ ನಲ್ಲಿ ತಿರುಗಿಸುತ್ತಿದ್ದಳು.

"ಕೆಳಗಿಡು ಅದನ್ನ!"

ಸಿಂಚನಾ ಬೆಚ್ಚಿ ಲೋಟ ಬಿಟ್ಟಳು. ಕೆಂಪು ನೀರು ಅವಳ ಚಪ್ಪಲಿಯ ಮೇಲೆ ಚೆಲ್ಲಿತು. "ಯಾಕಕ್ಕಾ? ಏನಾಯ್ತು?"

"ನೀನು ಬಸುರಿ ಅಂತ ರಜತ್‌ಗೆ ಹೇಳಿದ್ದೀಯಾ?"

"ಹೇಳಿದೀನಿ. ಇದನ್ನ ಹಾಕಬಹುದಾ ಅಂತಾನೂ ಕೇಳಿದ್ದೆ. ಬಾಯಿ ಮುಕ್ಕಳಿಸೋದಲ್ವಾ, ನುಂಗ್ತೀಯಾ ಏನು ಅಂತ ನಕ್ಕುಬಿಟ್ರು."

ಸುಶೀಲಾ ಜಾರನ್ನು ಎರಡೂ ಕೈಯಿಂದ ತಬ್ಬಿ ಎತ್ತಿ ಸಿಂಕಿಗೆ ಬೋರಲು ಹಾಕಿದಳು. ಗಳಗಳ ಸದ್ದಿಗೆ ಜನ ಸೇರಿದರು. ರಜತ್ ಓಡಿ ಬಂದ.

"ಮ್ಯಾಮ್! ಇದು ಕಂಪನಿಯ ಪ್ರಾಪರ್ಟಿ. ಏನು ಮಾಡ್ತಿದೀರಿ ನೀವು?"

ಸುಶೀಲಾ ಕೈ ಒರೆಸಿಕೊಂಡಳು. ಹಿಂದಿಯಲ್ಲಿ, ಪ್ರತಿ ಶಬ್ದವನ್ನೂ ಬಿಡಿಸಿ ಹೇಳಿದಳು. ತನ್ನ ಥೈರಾಯ್ಡ್ ಕೆಟ್ಟಿರುವುದನ್ನು, ಡಾಕ್ಟರು ಹೇಳಿದ್ದನ್ನು, ಸಿಂಚನಾಳ ಹೊಟ್ಟೆಯಲ್ಲಿರುವ ಮಗುವಿಗೆ ಆಗಬಹುದಾದದ್ದನ್ನು. ಚೀಲದಿಂದ ಬಾಟಲಿಯನ್ನೂ ಚೀಟಿಯನ್ನೂ ತೆಗೆದು ಅವನೆದುರು ಹಿಡಿದಳು.

"ಓದಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ರಜತ್ ಬಾಟಲಿ ಮುಟ್ಟಲಿಲ್ಲ. "ಮ್ಯಾಮ್, ಕೆಲಸಕ್ಕೆ ಸೇರುವಾಗ ಥೈರಾಯ್ಡ್ ಇದೆ ಅಂತ ನೀವು ನಮಗೆ ಹೇಳಲೇ ಇಲ್ಲ."

"ನೀವು ಕೇಳಿದ್ರಾ? ನೀವೇನು ಡಾಕ್ಟರಾ? ಅಂಗಡಿಯಲ್ಲಿ ಕೊಂಡಿದ್ರೆ ನಾನೇ ಓದ್ಕೊಳ್ತಿದ್ದೆ. ಔಷಧದ ಹೆಸರೇ ಇಲ್ಲದ ಜಾರಿಗೆ ಸುರಿದು, ಕುಡಿಯೋ ನೀರಿನ ಪಕ್ಕ ಇಟ್ಟು, ಹಾಕದಿದ್ರೆ ಅಂಕ ಕಡಿಮೆ ಅಂದವರು ಯಾರು? ಈ ಹುಡುಗಿ ಬಾಯಿಬಿಟ್ಟು ಹೇಳಿದಳಲ್ಲ ಬಸುರಿ ಅಂತ, ಅವಳಿಗೆ ಏನಂದ್ರಿ?"

"ಕಾಮ್ ಡೌನ್, ಪ್ಲೀಸ್." ರಜತ್ ದನಿ ತಗ್ಗಿಸಿ, ಸುತ್ತಲಿನವರಿಗೆ ಕೇಳುವಂತೆಯೇ ಅಂದ, "ನೋಡಿ, ಥೈರಾಯ್ಡ್ ಇರೋರಿಗೆ ಸಿಟ್ಟು ಜಾಸ್ತಿ ಬರತ್ತೆ. ನಿಮ್ಮ ತಪ್ಪಲ್ಲ ಅದು, ಇಟ್ಸ್ ಮೆಡಿಕಲ್. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ. ಸರಿ ಹೋದಮೇಲೆ ಮಾತಾಡೋಣ."

ಮೈ ಧಗ್ಗೆಂದಿತು. ಸೌಟು ಬೀಸಿದ ಕೈ ಮತ್ತೊಮ್ಮೆ ಎತ್ತಿಕೊಳ್ಳಲು ಏನಾದರೂ ಹುಡುಕಿತು. ಬೆರಳುಗಳನ್ನು ಮಡಚಿ ಹಿಡಿದಳು.

"ಅಚ್ಛಾ," ಎಂದಳು. "ಸರಿಹೋಗಿಯೇ ಬರ್ತೀನಿ. ಆಗ ಮಾತಾಡೋಣ."

ಸಿಂಚನಾಳನ್ನು ಮರುದಿನವೇ ತಾನೇ ಕರೆದುಕೊಂಡು ಹೋಗಿ ಅವಳ ಡಾಕ್ಟರಿಗೆ ತೋರಿಸಿದಳು. ರಕ್ತ ಪರೀಕ್ಷೆಯಲ್ಲಿ ಸಿಂಚನಾಳ ಥೈರಾಯ್ಡ್ ಸರಿಯಾಗಿತ್ತು. ಗಾರ್ಗಲ್ ಬಿಡಿ, ಮುಂದೆಯೂ ನೋಡುತ್ತಿರೋಣ, ಮಗು ಹುಟ್ಟಿದ ಮೇಲೆ ಅದರ ಥೈರಾಯ್ಡನ್ನೂ ಪರೀಕ್ಷಿಸೋಣ ಎಂದರು. ಬಸ್ ಸ್ಟಾಪಿನಲ್ಲಿ ಸಿಂಚನಾ ಅತ್ತಳು. ಸುಶೀಲಾಳಿಗೆ ಅಳು ಬರಲಿಲ್ಲ.

ಅವಳು ರಜೆ ಹಾಕಿ ಮನೆಯಲ್ಲಿ ಕೂತಳು. ಮುರಳೀಧರ ವರದಿಯನ್ನು ಎರಡು ಸಲ ಓದಿ ಮಡಚಿಟ್ಟ. ಕೊನೆಗೆ, "ನಾನು ವಯಸ್ಸು ಅಂದ್ಕೊಂಡೆ," ಎಂದ.

"ಅಂದ್ಕೊಂಡ್ರಿ. ನನ್ನ ಕೇಳಲಿಲ್ಲ. ಯಾರೂ ಕೇಳಲಿಲ್ಲ."

"ತಪ್ಪಾಯ್ತು ಕಣೇ."

ಅಂದಿನಿಂದ ಅವಳ ಮಾತ್ರೆಯ ಹೊತ್ತಿಗೆ ನೀರು ತಂದಿಡುವುದನ್ನು ಅವನು ತಪ್ಪಿಸಲಿಲ್ಲ. ಎದೆಬಡಿತ ಮೊದಲು ತಗ್ಗಿತು. ಆಮೇಲೆ ಬೆರಳ ನಡುಕ ನಿಂತಿತು. ಮಳೆಗಾಲ ಬಂದಾಗ ರವಿಕೆಗಳು ಮತ್ತೆ ಮೈಗೆ ಹಿಡಿದವು. ರಕ್ತದ ಅಂಕೆಗಳು ಸರಿದಾರಿಗೆ ಬಂದವು; ಡಾ. ಭಾರ್ಗವ ಮಾತ್ರೆಗಳನ್ನು ಒಂದೊಂದಾಗಿ ಇಳಿಸುತ್ತಾ ಬಂದರು. ಗಂಟು ಮಾತ್ರ ಇದ್ದಲ್ಲೇ ಇತ್ತು, ಮೊದಲಿನಂತೆ ವರ್ಷಕ್ಕೊಮ್ಮೆ ತೋರಿಸಬೇಕು.

ಆದರೆ ಸಿಟ್ಟು ಇಳಿಯಲಿಲ್ಲ. ಸುಶೀಲಾ ಕಾದು ನೋಡಿದಳು. ತರಕಾರಿಯವನ ಮೇಲೆ ಬರುತ್ತಿದ್ದ ಸಿಟ್ಟು ಹೋಗಿತ್ತು, ಉಪ್ಪಿನ ಮಾತಿಗೆ ಉಕ್ಕುತ್ತಿದ್ದುದು ಹೋಗಿತ್ತು. ಆ ಜಾರಿನ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಉಳಿದಿತ್ತು. ಈಗ ಕೈ ನಡುಗುತ್ತಿರಲಿಲ್ಲ, ಬೆವರು ಬರುತ್ತಿರಲಿಲ್ಲ. ಇದು ಗ್ರಂಥಿಯದಲ್ಲ, ನನ್ನದೇ, ಎಂದು ಅವಳಿಗೆ ಖಚಿತವಾಯಿತು.

ಕೆಲಸಕ್ಕೆ ಮರಳಿದ ದಿನ ನೇರ ರಜತ್‌ನ ಕೋಣೆಗೆ ಹೋದಳು. ಪ್ಯಾಂಟ್ರಿಯಲ್ಲಿ ಜಾರು ಮತ್ತೆ ಬಂದಿತ್ತು. ಈ ಸಲ ಪಕ್ಕದಲ್ಲಿ 'ನಿಮ್ಮ ಸ್ವಂತ ಜವಾಬ್ದಾರಿಯಲ್ಲಿ ಬಳಸಿ' ಎಂಬ ಹಲಗೆಯಿತ್ತು.

"ಸರಿಹೋಗಿ ಬಂದಿದೀನಿ," ಎಂದಳು. "ನನ್ನ ರಿಪೋರ್ಟ್ ನಾರ್ಮಲ್. ಈಗ ಮೆಡಿಕಲ್ ಅನ್ನಕ್ಕಾಗಲ್ಲ ನೀವು. ಮಾತಾಡೋಣ್ವಾ?"

ರಜತ್ ನಗಲು ನೋಡಿದ. "ಬೋರ್ಡ್ ಹಾಕಿದೀನಲ್ಲ ಮ್ಯಾಮ್."

"ಅದರೊಳಗೆ ಏನಿದೆ ಅಂತ ಬೋರ್ಡಲ್ಲಿ ಎಲ್ಲಿದೆ? ಯಾರು ಹಾಕಬಾರದು, ಎಷ್ಟು ದಿನ ಹಾಕಬಹುದು, ಎಲ್ಲಿದೆ? ಗೊತ್ತಿಲ್ಲದ ಔಷಧಕ್ಕೆ ಸ್ವಂತ ಜವಾಬ್ದಾರಿ ಎಲ್ಲಿಂದ ಬರತ್ತೆ? ಜಾರು ಇವತ್ತೇ ಹೋಗಬೇಕು. ಬಿಸಿನೀರು, ಉಪ್ಪು ಇಡಿ. ಗಂಟಲು ನೋಯೋರಿಗೆ ದನಿಗೆ ರಜೆ ಕೊಡಿ. ಔಷಧ ಬೇಕಾದವರು ಡಾಕ್ಟರನ್ನ ಕೇಳಿ ತಾವೇ ತರ್ತಾರೆ. ಇಲ್ಲದಿದ್ರೆ ಡಾಕ್ಟರು ಬರೆದುಕೊಟ್ಟಿರೋದನ್ನ ತಗೊಂಡು ನಿಮ್ಮ ಗುರ್ಗಾಂವ್ ಹೆಡ್ಡಾಫೀಸಿಗೆ ಹೋಗ್ತೀನಿ, ಅಲ್ಲಿಂದ ಲೇಬರ್ ಆಫೀಸಿಗೆ."

ದನಿ ಏರಲಿಲ್ಲ. ಬಾಗಿಲಾಚೆ ಕನ್ನಡ ಸಾಲಿನವರೂ ತಮಿಳು ಸಾಲಿನವರೂ ಹೆಡ್‌ಫೋನ್ ತೆಗೆದು ನಿಂತಿದ್ದರು. ರಜತ್ ಅವರನ್ನೂ ಇವಳನ್ನೂ ನೋಡಿದ. ಅಂದು ಸಂಜೆಯೇ ಜಾರು ಹೋಯಿತು. ಉಪ್ಪಿನ ಡಬ್ಬಿ, ಕೆಟಲ್ ಬಂದವು. ದನಿಯ ಅಂಕ ಕತ್ತರಿಸುವುದು ಮಾತ್ರ ನಿಲ್ಲಲಿಲ್ಲ. ಸುಶೀಲಾಳಿಗೆ ಮುಂದೆ ಸಿಗಬಹುದಾಗಿದ್ದ ಬಡ್ತಿಯ ಮಾತೂ ಅಲ್ಲಿಗೇ ಮುಗಿಯಿತು.

ಅಕ್ಟೋಬರಿನಲ್ಲಿ ಸಿಂಚನಾಳಿಗೆ ಗಂಡು ಮಗು ಹುಟ್ಟಿತು. ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಥೈರಾಯ್ಡ್ ಸರಿಯಾಗಿದೆ ಎಂದು ಬಂದಾಗ ಅವಳು ಮೊದಲು ಫೋನ್ ಮಾಡಿದ್ದು ಸುಶೀಲಾಳಿಗೆ. ಫೋನಿಟ್ಟ ಮೇಲೆ ಸುಶೀಲಾ ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮುರಳೀಧರ ಬಂದು ಪಕ್ಕದಲ್ಲಿ ಕೂತ.

ಮರುವರ್ಷ ಕನ್ನಡ ವಿಭಾಗವನ್ನು ಕಂಪನಿ ಹುಬ್ಬಳ್ಳಿಗೆ ಸಾಗಿಸಿತು; ದೆಹಲಿಯ ಕನ್ನಡ ಸಾಲಿನವರ ಕೆಲಸ ಹೋಯಿತು. ಕೊನೆಯ ದಿನ ಕೇಕ್ ಕತ್ತರಿಸಿದರು. ರಜತ್ ತಾನೇ ಒಂದು ತುಂಡು ತಟ್ಟೆಯಲ್ಲಿಟ್ಟು ಅವಳ ಬಳಿ ತಂದ.

"ಸುಶೀಲಾ ಮ್ಯಾಮ್, ಹಳೇದೆಲ್ಲ ಮರೆತುಬಿಡೋಣ. ನಾನು ಒಳ್ಳೇದಕ್ಕೇ ಮಾಡಿದ್ದೆ."

"ಒಳ್ಳೇದಕ್ಕೇ ಮಾಡಿರಬಹುದು ರಜತ್," ಎಂದಳು ಸುಶೀಲಾ. "ಓದದೆ ಮಾಡಿದ್ರಿ. ಕೇಳಿದವರನ್ನ ನೋಡಿ ನಕ್ಕಿದ್ರಿ. ಅದನ್ನ ನಾನು ಮರೆಯಲ್ಲ."

ಕೇಕ್ ಮುಟ್ಟಲಿಲ್ಲ. ಐಡಿ ಕಾರ್ಡನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಕೆಳಗೆ ಕಿದ್ವಾಯಿ ನಗರದ ಕಡೆಯ ಬಸ್ಸು ನಿಂತಿತ್ತು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಗಂಡಸಿಗೆ, "ಸರೀರಿ ಆಚೆ," ಎಂದು ಹಿಂದಿಯಲ್ಲಿ ಗದರಿಸಿ ಒಳಗೆ ಹತ್ತಿದಳು.